‘ಮನಮೋಹಕ’ ಬಿಟ್ಟ ಮೇಲೆ ಸೀರೆ ಮಾರಾಟವಾಯಿತು: ನನ್ನ ಅನುಭವ

ಹುಬ್ಬಳ್ಳಿಯ ಒಂದು ಸೀರೆ ಅಂಗಡಿಯವರ ವೆಬ್‌ಸೈಟಿಗೆ ನಾನು ಬರೆಯುತ್ತೇನೆ. ಹತ್ತು ಹನ್ನೆರಡು ಸಾವಿರ ಬೆಲೆಯ ರೇಷ್ಮೆ ಇಳಕಲ್ ಸೀರೆಗಳು. ವಿಶೇಷಣಗಳನ್ನೆಲ್ಲ ತೆಗೆದು ಬರೆಯೋಣ ಅಂದಾಗ ಅಲ್ಲಿ ಯಾರೂ ಒಪ್ಪಲಿಲ್ಲ. ಈಗ ಹಳೇ ಸೀರೆಗಳಿಗೂ ಹಾಗೇ ಬರೆದುಕೊಡಿ ಅಂತ ಅವರೇ ಕೇಳುತ್ತಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬರೆದದ್ದು ಹೀಗಿತ್ತು: “ಪಾರಂಪರಿಕ ಸೊಬಗಿನ, ಅತ್ಯಂತ ನಯವಾದ, ಮನಮೋಹಕ ಅಪ್ಪಟ ರೇಷ್ಮೆಯ ಇಳಕಲ್ ಸೀರೆ. ಕುಶಲ ನೇಕಾರರು ತುಂಬಾ ತಾಳ್ಮೆಯಿಂದ ಅಚ್ಚುಕಟ್ಟಾಗಿ ನೇಯ್ದ ಅಪರೂಪದ ಕಲಾಕೃತಿ.” ಇದನ್ನು ಬರೆದವನೂ ನಾನೇ. ಒಂಬೈನೂರು ರೂಪಾಯಿಯ ಪವರ್‌ಲೂಮ್ ಸೀರೆಗೂ ಇದೇ ಮಾತು ಅಂಟಿಸಬಹುದು, ಅಲ್ವಾ?

`Ctrl+F` ಒತ್ತಿ ‘ವಾದ’, ‘ವಾಗಿ’ ಹುಡುಕಿದೆ. ನಮ್ಮ ಭಾಷೆಯಲ್ಲಿ ಅರ್ಧ ಕಸ ಅಲ್ಲೇ ಸಿಗುತ್ತದೆ. ‘ಅಚ್ಚುಕಟ್ಟಾಗಿ’, ‘ತಾಳ್ಮೆಯಿಂದ’ ತರದವು ತಪ್ಪಿಸಿಕೊಳ್ಳುತ್ತವೆ, ಅವನ್ನು ಕಣ್ಣಲ್ಲೇ ಹಿಡಿಯಬೇಕು. ಎಲ್ಲ ಕಿತ್ತುಹಾಕಿ “ಇಳಕಲ್ ಸೀರೆ. ರೇಷ್ಮೆ. ಕೆಂಪು ಸೆರಗು.” ಅಂತ ಕಳಿಸಿದೆ. ಮಾಲೀಕರು ಫೋನ್ ಮಾಡಿ, “ಏನ್ರೀ ಇದು, ಕಿರಾಣಿ ಚೀಟಿ ಬರದಂಗ ಬರದೀರಿ?” ಅಂದರು. ಅವರು ಹೇಳಿದ್ದು ಸರಿಯೇ ಇತ್ತು. ಅದಕ್ಕಿಂತ ದೊಡ್ಡ ತಪ್ಪು ಅಂದರೆ ಮೇಲಿನ ಶೀರ್ಷಿಕೆಯಲ್ಲಿದ್ದ ‘ಕೈಮಗ್ಗದ’ ಅನ್ನೋ ಪದವನ್ನೂ ಕಿತ್ತಿದ್ದೆ, ಅದೂ ಗುಣ ಹೇಳೋ ಪದ ಅಂತ. ಆ ವಾರ ಬಂದ ಫೋನುಗಳೆಲ್ಲ ‘ಇದು ಮಷೀನಿಂದಾ?’ ಅಂತಲೇ. ಸುಮಾರು ಹದಿನೈದು ದಿನ ಆ ಸಾಲಿನ ಒಂದೇ ಒಂದು ಸೀರೆ ಹೋಗಲಿಲ್ಲ. ಪದಕ್ಕೆ ಎಂಬತ್ತು ಪೈಸೆ ಲೆಕ್ಕದಲ್ಲಿ ಬರೆಯುತ್ತಿದ್ದ ನನಗೆ ಆ ತಿಂಗಳು ಎರಡು ಸಾವಿರವೂ ಕೈಗೆ ಬರಲಿಲ್ಲ.

ಆಮೇಲೆ ಅಂಗಡಿಗೆ ಹೋಗಿ ಒಂದು ಮಧ್ಯಾಹ್ನ ಸುಮ್ನೆ ಕೂತೆ. ಸೀರೆ ತೋರಿಸುವ ಕಾಕಾ ಒಬ್ಬರಿದ್ದಾರೆ, ಮೂವತ್ತು ವರ್ಷದ ಅನುಭವ. ‘ಚೆಂದ’ ಅನ್ನೋ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಒಬ್ಬ ಹೆಂಗಸು ಬೆಲೆ ಯಾಕೆ ಇಷ್ಟು ಅಂತ ಕೇಳಿದಾಗ ಸೆರಗು ಮತ್ತು ಒಡಲು ಕೂಡುವ ಜಾಗವನ್ನು ಬೆರಳ ಮೇಲೆ ಹರವಿ, “ಇಲ್ಲಿ ನೋಡ್ರಿ ಅಕ್ಕಾರ, ಕೊಂಡಿ” ಅಂದರು. ಒಡಲಿನ ಹಾಸಿನ ಎಳೆಯೊಳಗೆ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಯೊಳಗೆ, ಸೆರಗಿನ ಹಾಸಿನ ಎಳೆ ಸಿಕ್ಕಿಸಿ ಕೂಡಿಸಿರುತ್ತಾರೆ. ಹಾಗಾಗಿ ನಾಲ್ಕಾರು ಸೀರೆಗೆ ಒಟ್ಟಿಗೆ ಹಾಸು ಹೂಡೋಕಾಗಲ್ಲ, ಪ್ರತಿ ಸೀರೆಗೂ ಬೇರೆ ಹೂಡಬೇಕು. ಆ ಹೆಂಗಸು ಬೆಲೆಯ ಬಗ್ಗೆ ಮತ್ತೆ ಕೇಳಲಿಲ್ಲ.

ರಾತ್ರಿ ಬರೆದದ್ದು ಇದು:

“ಇಳಕಲ್ ಸೀರೆ. ಒಡಲೂ ರೇಷ್ಮೆ, ಸೆರಗೂ ರೇಷ್ಮೆ. ಸಿಲ್ಕ್ ಮಾರ್ಕ್ ಚೀಟಿ ಸೀರೆಯಲ್ಲೇ ಇದೆ. ಒಡಲು ಕಡುನೀಲಿ. ಸೆರಗು ಕೆಂಪು, ಅದರಲ್ಲಿ ಬಿಳಿ ತೆನೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ್ದಾರೆ, ಅದಕ್ಕಾಗಿ ಪ್ರತಿ ಸೀರೆಗೂ ಹಾಸು ಬೇರೆ. ಕೈಮಗ್ಗದಲ್ಲಿ ನೇಯ್ದದ್ದು.”

ನೋಡಿ, ಉದ್ದ ಕಮ್ಮಿಯಾಗಿಲ್ಲ, ಹೆಚ್ಚೂಕಮ್ಮಿ ಎರಡು ಪಟ್ಟೇ ಆಗಿದೆ. ‘ಅಪ್ಪಟ’ ಹೋದ ಜಾಗಕ್ಕೆ ಸಿಲ್ಕ್ ಮಾರ್ಕ್ ಬಂತು, ‘ತಾಳ್ಮೆಯಿಂದ’ ಹೋದಲ್ಲಿಗೆ ಹಾಸಿನ ಮಾತು ಬಂತು. ‘ಕೆಂಪು’, ‘ಬಿಳಿ’ ಉಳಿದವು, ಯಾಕೆಂದರೆ ತಪ್ಪಾದರೆ ಸೀರೆ ವಾಪಸ್ ಬರುತ್ತದೆ. ‘ಕಡು’ ಬಗ್ಗೆ ಎರಡು ದಿನ ಯೋಚಿಸಿದೆ. ತೆಗೆದು ನೋಡಿದೆ, ಫೋಟೋದಲ್ಲಿ ನೀಲಿ ತಿಳಿಯಾಗಿ ಕಾಣುತ್ತಿತ್ತು, ಎರಡು ಸೀರೆ ವಾಪಸ್ ಬಂದವು. ಮತ್ತೆ ಸೇರಿಸಿದೆ. ನನ್ನ ಪರೀಕ್ಷೆ ಇಷ್ಟೇ: ಒಂದು ಪದ ಮುಚ್ಚಿ ಓದುತ್ತೇನೆ. ಕೊಳ್ಳುವವರ ಕಣ್ಣಿಗೆ ಕಾಣುವುದು ಬದಲಾದರೆ ಆ ಪದ ಇರಲಿ, ಇಲ್ಲದಿದ್ದರೆ ಹೋಗಲಿ. ವಾಕ್ಯಗಳನ್ನು ಯಾವ ಕ್ರಮದಲ್ಲಿ ಇಡುತ್ತೇನೆ ಅನ್ನೋದು ಮಾತ್ರ ಇಲ್ಲಿ ಹೇಳಲ್ಲ, ನನ್ನ ಹೊಟ್ಟೆಪಾಡು ಅದರಲ್ಲಿದೆ.

ತಿಂಗಳಿಗೆ ನಾಲ್ಕೈದು ಹೋಗುತ್ತಿದ್ದ ಸೀರೆ ಮೂರನೇ ತಿಂಗಳಿಗೆ ಹನ್ನೊಂದೋ ಹನ್ನೆರಡೋ ಹೋದವು. ಹಬ್ಬದ ಕಾಲವೂ ಆಗಿತ್ತು, ಆದರೆ ಹಿಂದಿನ ವರ್ಷದ ಹಬ್ಬಕ್ಕೆ ಹೀಗೆ ಹೋಗಿರಲಿಲ್ಲ. ಫೋನಿನಲ್ಲಿ ಜನ ‘ಆ ಕೊಂಡಿ ಹಾಕಿದ್ದು’ ಅಂತಲೇ ಕೇಳುತ್ತಿದ್ದರು. ನಾನು ಪದದ ಲೆಕ್ಕ ಬಿಟ್ಟು ಸೀರೆಗೆ ಮುನ್ನೂರು ಕೇಳಿದೆ, ಕೊಟ್ಟರು.

ಈ ನಡುವೆ ಬೆಳ್ಳಿ ದೀಪಗಳಿಗೂ ಇದೇ ಮಾಡಿ ನೋಡಿದೆ, ಸೋತೆ. ಅಲ್ಲಿ ತೂಕ ಬಿಟ್ಟರೆ ಹೇಳೋಕೆ ನನಗೇನೂ ಗೊತ್ತಿರಲಿಲ್ಲ, ಮಾಡುವವರ ಹತ್ತಿರ ಹೋಗಿ ಕೂತಿರಲೂ ಇಲ್ಲ. ಕಸೂತಿ ಸೀರೆಗೆ ಮಾತ್ರ ಚೆನ್ನಾಗಿ ಬಂತು. ‘ನಾಜೂಕಾದ ಕುಸುರಿ’ ತೆಗೆದು ಹೀಗೆ ಬರೆದೆ: “ಗವಂತಿ ಹೊಲಿಗೆ. ದಾರಕ್ಕೆ ಎಲ್ಲೂ ಗಂಟಿಲ್ಲ. ತಿರುಗಿಸಿ ನೋಡಿ, ಹಿಂದೆಯೂ ಇದೇ ಚಿತ್ತಾರ.” ಮಾಲೀಕರು ಅದಕ್ಕೆ ಹಿಂಬದಿಯ ಫೋಟೋವನ್ನೂ ತೆಗೆಸಿ ಹಾಕಿದರು.