ಫೋಟೋ ನೋಡಿ ಎಂಸಿಬಿಯ ಕಂಪನಿ, ಆಂಪಿಯರ್ ಗುರುತಿಸುವ ಬಗೆ: ನನ್ನ ಅನುಭವ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ವಯರಿಂಗ್ ಮಾಡುವ ನನಗೆ, ಲೋಡ್ ಹೆಚ್ಚಾದರೆ ಅಥವಾ ಶಾರ್ಟ್ ಆದರೆ ತಾನಾಗಿ ಬಿದ್ದು ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ಚನ್ನು ಬದಲಿಸುವ ಕೆಲಸ ಹೆಚ್ಚಾಗಿ ಮೊಬೈಲಿಗೆ ಬಂದ ಒಂದು ಫೋಟೋದಿಂದಲೇ ಶುರುವಾಗುತ್ತದೆ. ಬೇಕಾದ ಕಂಪನಿಯದು ಹತ್ತಿರದ ಅಂಗಡಿಯಲ್ಲಿ ಇಲ್ಲದಿದ್ದರೆ ಕಾಸರಗೋಡು ಪೇಟೆಯಿಂದ ತರಬೇಕಾಗುವುದರಿಂದ, ಏನು ತರಬೇಕೆಂಬುದನ್ನು ಹೊರಡುವ ಮೊದಲೇ ಖಚಿತಪಡಿಸಿಕೊಳ್ಳುತ್ತೇನೆ.

ಪೆರ್ಲದ ಬಳಿಯ ಒಂದು ಮನೆಯಿಂದ ಬಂದ ಫೋಟೋ ಇದಕ್ಕೆ ಒಳ್ಳೆಯ ಉದಾಹರಣೆ. ಅಡಿಕೆ ತೋಟದ ಪಂಪಿಗೆ ಹೋಗುವ ಎಂಸಿಬಿಯ ಗುಂಡಿ ಮೇಲೆ ನಿಲ್ಲುತ್ತಿರಲಿಲ್ಲ. ಮನೆಗೆ ಬಣ್ಣ ಬಳಿಯುವಾಗ ಬ್ರಷ್ ಎಂಸಿಬಿಗಳಿರುವ ಪೆಟ್ಟಿಗೆಯಾದ ಡಿಬಿಯ ಮೇಲೂ ಹಾದುಹೋಗಿದ್ದರಿಂದ ಅಕ್ಷರಗಳು ಅರ್ಧ ಮುಚ್ಚಿದ್ದವು. ಡಿಬಿಯ ಬಾಗಿಲಿನ ಮೇಲೆ ಒಂದು ಕಂಪನಿಯ ಹೆಸರಿದ್ದರೆ, ಒಳಗಿನ ಎಂಸಿಬಿಗಳ ಮೇಲೆ ಸೀಮೆನ್ಸ್ ಎಂದಿತ್ತು. ಪೆಟ್ಟಿಗೆ ಒಂದರದ್ದು, ಒಳಗಿನ ಸಾಮಾನು ಇನ್ನೊಂದರದ್ದು ಆಗಿರುವುದು ಅಪರೂಪವಲ್ಲ; ಆದ್ದರಿಂದ ಬಾಗಿಲನ್ನು ನಂಬದೆ ಎಂಸಿಬಿಯ ಮುಖವನ್ನೇ ಓದಬೇಕು. ಆದರೆ ಪಂಪಿನ ಎಂಸಿಬಿಯ ಮುಖದಲ್ಲಿ ಕಂಪನಿಯ ಹೆಸರು, C ಅಕ್ಷರ ಮತ್ತು ಕೊನೆಯ ಸೊನ್ನೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಅಣ್ಣ, ಬಣ್ಣವನ್ನು ತಿನ್ನರ್ ಹಾಕಿ ಒರೆಸಲಾ?" ಎಂದು ಮನೆಯ ಹುಡುಗ ಕೇಳಿದ. ಬೇಡವೆಂದೆ. ತಿನ್ನರ್ ಪ್ಲಾಸ್ಟಿಕ್ಕನ್ನೂ ಉಳಿದ ಅಕ್ಷರಗಳನ್ನೂ ಕೆಡಿಸುತ್ತದೆ, ಅದರ ಹಬೆಗೆ ಕಿಡಿ ತಾಗಿದರೆ ಬೆಂಕಿಯೇ ಹತ್ತಬಹುದು. ಕವರಿನ ಸ್ಕ್ರೂ ಮುಟ್ಟಬಾರದೆಂದೂ ಹೇಳಿದೆ, ಏಕೆಂದರೆ ಮೈನ್ ಸ್ವಿಚ್ ಇಳಿಸಿದ ಮೇಲೂ ಅದಕ್ಕೆ ಮೀಟರಿನಿಂದ ಬರುವ ವಯರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮೊಬೈಲಿನ ಫ್ಲ್ಯಾಶ್ ಆಫ್ ಮಾಡಿ, ಇನ್ನೊಬ್ಬರಿಂದ ಟಾರ್ಚನ್ನು ಒಂದು ಪಕ್ಕದಿಂದ ಓರೆಯಾಗಿ ಹಿಡಿಸಿ, ಡಿಬಿಗೆ ನೇರ ಎದುರು ನಿಂತು, ಇಡೀ ಸಾಲಿನದೊಂದು ಮತ್ತು ಆ ಒಂದೇ ಎಂಸಿಬಿಯದೊಂದು ಫೋಟೋ ತೆಗೆಯಲು ತಿಳಿಸಿದೆ. ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಫ್ಲ್ಯಾಶ್ ಬಿದ್ದರೆ ತೆಳು ಅಕ್ಷರಗಳು ಅಳಿಸಿಹೋದಂತೆ ಕಾಣುತ್ತವೆ; ಓರೆ ಬೆಳಕಿನಲ್ಲಿ ಅವು ಎದ್ದು ಕಾಣುತ್ತವೆ.

ಆ ಫೋಟೋ ಬರುವ ಮೊದಲೇ ಸೊನ್ನೆಯೊಂದರಿಂದ ಸ್ವಲ್ಪ ಲೆಕ್ಕ ಹಾಕಬಹುದಿತ್ತು. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆಗಳು 6, 10, 16, 20, 25, 32, 40, 50, 63. ಸೊನ್ನೆಯಲ್ಲಿ ಮುಗಿಯುವುದಾದರೆ 10, 20, 40, 50 ಇವುಗಳಲ್ಲಿ ಒಂದು. ಪಂಪು ಒಂದೂವರೆ ಎಚ್‌ಪಿಯ ಸಿಂಗಲ್ ಫೇಸ್, ಅದರ ಫಲಕದಲ್ಲಿ ಸುಮಾರು 10 ಆಂಪಿಯರ್ ಎಂದಿತ್ತು. ಸ್ಟಾರ್ಟ್ ಆಗುವಾಗ ಅದು ಐದಾರು ಪಟ್ಟು, ಅಂದರೆ 60 ಆಂಪಿಯರಿನವರೆಗೂ ಎಳೆಯಬಹುದು. C ಎಂದರೆ ಬರೆದ ಆಂಪಿಯರಿನ 5ರಿಂದ 10 ಪಟ್ಟಿನ ನಡುವೆ ತಕ್ಷಣ ಟ್ರಿಪ್ ಆಗುವ ಬಗೆ. C10 ಆಗಿದ್ದರೆ 50ರಿಂದ 100ರೊಳಗೆ ಬೀಳುತ್ತದೆ, ಪಂಪು ಹಾಕಿದಾಗಲೆಲ್ಲ ಟ್ರಿಪ್ ಆಗುವ ಸಂಭವವಿತ್ತು. C20 100ರವರೆಗೆ ತಡೆದುಕೊಳ್ಳುತ್ತದೆ. ಅದೇ 20 ಆಂಪಿಯರಿನ B ಬಗೆಯದು 60ರಲ್ಲಿಯೇ ಬೀಳಬಹುದಾದ್ದರಿಂದ, ಅಂಕಿಯಷ್ಟೇ ಅಕ್ಷರವೂ ಮುಖ್ಯ. ಆದರೂ ಇದು ಊಹೆಯೇ ಹೊರತು ಗುರುತಲ್ಲ.

ಎರಡನೆಯ ಫೋಟೋದಲ್ಲಿ ಗುಂಡಿಯ ಹತ್ತಿರ ಸಣ್ಣ ಅಕ್ಷರಗಳ ಕ್ಯಾಟಲಾಗ್ ನಂಬರ್ ಸಿಕ್ಕಿತು: 5SL61207RC. ಇದರಲ್ಲಿ 5SL6 ಎಂಬುದು ಸರಣಿ, ನಂತರದ 1 ಒಂದೇ ಪೋಲ್, 20 ಆಂಪಿಯರ್, 7 ಎಂದರೆ C ಬಗೆ. ಮುಖದ ಅಕ್ಷರ, ಕೊನೆಯ ಸೊನ್ನೆ, ಪಂಪಿನ ಲೆಕ್ಕ ಮೂರೂ ಇದಕ್ಕೆ ಹೊಂದಿದ್ದರಿಂದ C20 ಎಂದು ನಿಶ್ಚಯಿಸಿದೆ.

ಫೋಟೋ ಓದುವಾಗ ಜನ ಹೆಚ್ಚಾಗಿ ತಪ್ಪುವುದು ಬೇರೆ ಎರಡು ಕಡೆ. ಚೌಕಟ್ಟಿನೊಳಗಿನ 6000 ಅಥವಾ 10000 ಎಂಬುದು ಶಾರ್ಟ್ ಆದಾಗ ಎಂಸಿಬಿ ಸುರಕ್ಷಿತವಾಗಿ ಕಡಿಯಬಲ್ಲ ಆಂಪಿಯರ್. ಹೊಸದರಲ್ಲಿ ಅದು ಹಳೆಯದಕ್ಕಿಂತ ಕಡಿಮೆ ಇರಬಾರದು. ಇನ್ನೊಂದು, ಅಂಕಿಯ ಹಿಂದೆ B, C, D ಅಕ್ಷರವಿಲ್ಲದೆ ಬರೇ 40 ಅಥವಾ 63 ಎಂದಿದ್ದರೆ ಅದು ಬಹುತೇಕ ಕೈಯಿಂದ ಮಾತ್ರ ಆನ್ ಆಫ್ ಮಾಡುವ ಐಸೊಲೇಟರ್ ಅಥವಾ ಕರೆಂಟ್ ಸೋರಿದರೆ ಕಡಿಯುವ, ನಮ್ಮಲ್ಲಿ ಇಎಲ್‌ಸಿಬಿ ಎನ್ನುವ ಆರ್‌ಸಿಸಿಬಿ. ಟೆಸ್ಟ್ ಗುಂಡಿ ಮತ್ತು 30 ಮಿಲಿ ಆಂಪಿಯರಿನ ಗುರುತು ಕಂಡರೆ ಆರ್‌ಸಿಸಿಬಿ ಎಂದೇ ತಿಳಿಯಬೇಕು. ಇವೆರಡೂ ಓವರ್‌ಲೋಡಿಗೆ ಟ್ರಿಪ್ ಆಗುವುದಿಲ್ಲ, ಆದ್ದರಿಂದ ಎಂಸಿಬಿಯ ಜಾಗಕ್ಕೆ ತರಬಾರದು.

ಇಷ್ಟಾದರೂ ಫೋಟೋ ಹೇಳುವುದು ಅಲ್ಲಿ ಏನಿದೆ ಎಂಬುದನ್ನು ಮಾತ್ರ. ಏನಿರಬೇಕಿತ್ತು ಎಂಬುದನ್ನು ವಯರೇ ಹೇಳಬೇಕು. ಅಲ್ಲಿಗೆ ಹೋಗಿ, ಮೈನ್ ಇಳಿಸಿ, ಟೆಸ್ಟರಿನಿಂದ ನೋಡಿದ ಬಳಿಕ ಕವರ್ ತೆಗೆದಾಗ ಪಂಪಿಗೆ ಹೋಗಿದ್ದುದು 2.5 ಸ್ಕ್ವೇರ್ ಎಂಎಂ ತಾಮ್ರದ ವಯರು. ಅದಕ್ಕೆ C20 ಸರಿ. 32 ಇದ್ದಿದ್ದರೆ ಅಂಥದ್ದನ್ನೇ ಮತ್ತೆ ಹಾಕುತ್ತಿರಲಿಲ್ಲ. ಹೊರಹೋಗುವ ವಯರನ್ನು ಬಿಡಿಸಿ ಗುಂಡಿ ಎತ್ತಿದರೂ ನಿಲ್ಲಲಿಲ್ಲ, ಆದ್ದರಿಂದ ದೋಷ ಎಂಸಿಬಿಯಲ್ಲೇ ಎಂಬುದು ಸ್ಪಷ್ಟವಾಯಿತು. ಎಂಸಿಬಿಗಳಿಗೆ ಕರೆಂಟ್ ಹಂಚುವ ಕೆಳಗಿನ ಲೋಹದ ಪಟ್ಟಿಯಾದ ಬಸ್‌ಬಾರಿನ ಹಲ್ಲು ಹೊಸದಕ್ಕೆ ನೇರವಾಗಿ ಕೂತಿತು. ಬೇರೆ ಕಂಪನಿಯದಾಗಿದ್ದರೆ ರೈಲಿನ ಮೇಲೆ ಕೂತರೂ ಟರ್ಮಿನಲ್ಲಿನ ಎತ್ತರ ಹೊಂದದೆ ಹಲ್ಲನ್ನು ಬಗ್ಗಿಸಬೇಕಾಗಬಹುದು. ಹಾಗೆ ಬಗ್ಗಿಸಿದ ಕಡೆ ಹಿಡಿತ ಸಡಿಲವಾಗಿ ಪ್ಲಾಸ್ಟಿಕ್ ಕಂದಾಗುವುದನ್ನು ಬೇರೆ ಮನೆಗಳಲ್ಲಿ ನೋಡಿದ್ದೇನೆ. ಆಂಪಿಯರ್ ಗೊತ್ತಾದ ಮೇಲೂ ನಾನು ಕಂಪನಿಯ ಹೆಸರು ಹುಡುಕುವುದು ಈ ಕಾರಣಕ್ಕೆ.