ಬಾಡಿಗೆ ನನ್ನ ಖಾತೆಗೆ ಬರುವಷ್ಟರಲ್ಲಿ ಮೂರು ಹೆಸರು ಹೊತ್ತಿತ್ತು

ಮೂಡಿಗೆರೆಯ ಬಳಿ ನಮಗೆ ಎಂಟು ಎಕರೆ ಕಾಫಿ ತೋಟವಿದೆ, ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ತಂದೆಯವರ ಕಾಲದ ಒಂದು ಸಣ್ಣ ಮಳಿಗೆಯೂ ಇತ್ತು. ಕಾಫಿಯ ಹಣ ವರ್ಷಕ್ಕೊಮ್ಮೆ ಬರುವಂಥದ್ದು. ನಡುವಿನ ತಿಂಗಳುಗಳ ಖರ್ಚಿಗೆ ಆಧಾರವಾಗಿದ್ದದ್ದು ಮಳಿಗೆಯ ಬಾಡಿಗೆ. ಅಣ್ಣತಮ್ಮಂದಿರ ಪಾಲಿನಲ್ಲಿ ಮಳಿಗೆ ಮಾರಾಟವಾದ ಮೇಲೆ ನನ್ನ ಭಾಗಕ್ಕೆ ಬಂದ ಹಣದಲ್ಲಿ ಸ್ವಲ್ಪವನ್ನು 2023ರ ಏಪ್ರಿಲ್‌ನಲ್ಲಿ ಒಂದು ರೀಟ್‌ನ, ಅಂದರೆ ರಿಯಲ್ ಎಸ್ಟೇಟ್ ಹೂಡಿಕೆ ಟ್ರಸ್ಟ್‌ನ, ಯೂನಿಟ್‌ಗಳಲ್ಲಿ ತೊಡಗಿಸಿದೆ. ಮುಂದೆ ಕೊಟ್ಟಿರುವ ಅಂಕಿಗಳನ್ನು ಲೆಕ್ಕ ಹಿಡಿಯಲು ಸುಲಭವಾಗಲೆಂದು ದುಂಡು ಮಾಡಿದ್ದೇನೆ. ಯೂನಿಟ್‌ಗೆ ₹320ರಂತೆ 400 ಯೂನಿಟ್, ಒಟ್ಟು ₹1,28,000.

ನಮ್ಮ ದೇಶದಲ್ಲಿ ಸೆಬಿ 2014ರಲ್ಲಿ ರೀಟ್‌ಗಳ ನಿಯಮಾವಳಿ ತಂದಿತು. ಮೊದಲ ರೀಟ್ ಷೇರುಪೇಟೆಗೆ ಬಂದದ್ದು 2019ರ ಏಪ್ರಿಲ್‌ನಲ್ಲಿ. ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕ್ ಅದರ ಆಸ್ತಿಗಳಲ್ಲೊಂದು. ರೀಟ್‌ನ ಆಸ್ತಿಯ ಮೌಲ್ಯದಲ್ಲಿ ಶೇ 80ರಷ್ಟಾದರೂ ಕಟ್ಟಿ ಮುಗಿದು ಬಾಡಿಗೆ ತರುತ್ತಿರುವ ಕಟ್ಟಡಗಳಲ್ಲಿರಬೇಕು. ಹಂಚಲು ಲಭ್ಯವಿರುವ ನಗದಿನಲ್ಲಿ ಶೇ 90ಕ್ಕೆ ಕಡಿಮೆಯಿಲ್ಲದಷ್ಟನ್ನು ಆರು ತಿಂಗಳಿಗೊಮ್ಮೆಯಾದರೂ ಯೂನಿಟ್‌ದಾರರಿಗೆ ಹಂಚಬೇಕು. ನಾನು ಕೊಂಡ ರೀಟ್ ಮೂರು ತಿಂಗಳಿಗೊಮ್ಮೆ ಹಂಚುತ್ತದೆ. ಇಷ್ಟನ್ನು ಕೊಳ್ಳುವ ಮೊದಲೇ ಓದಿಕೊಂಡಿದ್ದೆ. ಬಾಡಿಗೆದಾರ ಕೊಟ್ಟ ಹಣ ನನ್ನ ಖಾತೆಗೆ ಬರುವ ದಾರಿಯನ್ನು ಮಾತ್ರ ನಾನು ಓದಿರಲಿಲ್ಲ.

ಮೊದಲ ತ್ರೈಮಾಸಿಕದ ಹಂಚಿಕೆ ಯೂನಿಟ್‌ಗೆ ₹5.50 ಎಂದು ಪ್ರಕಟವಾಯಿತು. 400 ಯೂನಿಟ್‌ಗೆ ₹2,200 ಬರಬೇಕಿತ್ತು. ಬ್ಯಾಂಕಿಗೆ ಬಂದದ್ದು ₹2,156. ಕೊರತೆ ₹44 ಮಾತ್ರ, ಆದರೂ ಅದು ಎಲ್ಲಿಗೆ ಹೋಯಿತು ಎಂದು ಹುಡುಕಿದಾಗಲೇ ನನಗೆ ವಿಷಯ ತೆರೆದುಕೊಂಡದ್ದು. ಪ್ರಕಟಣೆಯ ಕೆಳಗೆ ಒಂದು ಸಣ್ಣ ಕೋಷ್ಟಕವಿತ್ತು: ಬಡ್ಡಿ ₹1.10, ಲಾಭಾಂಶ ₹2.20, ಸಾಲದ ಮರುಪಾವತಿ ₹2.20. ಬಾಡಿಗೆ ಎಂಬ ಪದವೇ ಅದರಲ್ಲಿರಲಿಲ್ಲ.

ಅದರ ಕಾರಣ ಹೀಗಿದೆ. ಸಾಮಾನ್ಯವಾಗಿ ಕಟ್ಟಡ ನೇರವಾಗಿ ಟ್ರಸ್ಟ್‌ನ ಹೆಸರಿನಲ್ಲಿರುವುದಿಲ್ಲ. ಒಂದೊಂದು ಪಾರ್ಕಿಗೂ ಒಂದೊಂದು ಕಂಪನಿ ಇರುತ್ತದೆ, ಅದನ್ನು ಎಸ್‌ಪಿವಿ ಎನ್ನುತ್ತಾರೆ. ಬಾಡಿಗೆ ಆ ಕಂಪನಿಗೆ ಬರುತ್ತದೆ. ಟ್ರಸ್ಟ್ ಆ ಕಂಪನಿಯ ಷೇರುಗಳನ್ನು ಹೊಂದಿರುವುದರ ಜೊತೆಗೆ ಅದಕ್ಕೆ ಸಾಲವನ್ನೂ ಕೊಟ್ಟಿರುತ್ತದೆ. ಹಾಗಾಗಿ ಕಂಪನಿ ಮೊದಲು ಆ ಸಾಲದ ಬಡ್ಡಿ ಕಟ್ಟುತ್ತದೆ. ಬಡ್ಡಿ ಮತ್ತಿತರ ಖರ್ಚು ಕಳೆದು, ತೆರಿಗೆ ಕಟ್ಟಿ ಉಳಿದ ಲಾಭವನ್ನು ಲಾಭಾಂಶವಾಗಿ ಕಳಿಸುತ್ತದೆ. ಮೂರನೆಯದು ನನಗೆ ಅರ್ಥವಾಗಲು ಹೆಚ್ಚು ಸಮಯ ಹಿಡಿಯಿತು. ಕಟ್ಟಡದ ಸವಕಳಿಯನ್ನು ಲೆಕ್ಕಪತ್ರದಲ್ಲಿ ಪ್ರತಿವರ್ಷ ಖರ್ಚೆಂದು ಬರೆಯುತ್ತಾರೆ, ಆದರೆ ಆ ಹಣ ಕೈಬಿಟ್ಟು ಹೋಗಿರುವುದಿಲ್ಲ. ಲಾಭಾಂಶ ಕೊಡಬಹುದಾದದ್ದು ಲಾಭದಿಂದ ಮಾತ್ರ. ಸವಕಳಿಯ ಲೆಕ್ಕದಲ್ಲಿ ಕಂಪನಿಯ ಬಳಿ ಉಳಿದ ನಗದನ್ನು ಲಾಭಾಂಶವೆಂದು ಕಳಿಸಲಾಗದೆ, ಟ್ರಸ್ಟ್‌ನ ಸಾಲದ ಅಸಲನ್ನು ತೀರಿಸುವ ರೂಪದಲ್ಲಿ ಮೇಲಕ್ಕೆ ಕಳಿಸುತ್ತಾರೆ. ಅಲ್ಲಿಂದ ಅದು ಸಾಲದ ಮರುಪಾವತಿ ಎಂಬ ಹೆಸರಿನಲ್ಲೇ ನಮ್ಮ ಕೈಗೆ ಬರುತ್ತದೆ.

ಹೆಸರು ಬದಲಾದಂತೆ ತೆರಿಗೆಯೂ ಬದಲಾಗುತ್ತದೆ. ಬಡ್ಡಿಯ ಭಾಗ ನನ್ನ ಆದಾಯಕ್ಕೆ ಸೇರಿ ನನ್ನ ಸ್ಲ್ಯಾಬ್‌ನಂತೆ ತೆರಿಗೆಗೆ ಒಳಪಡುತ್ತದೆ, ಟ್ರಸ್ಟ್ ಅದರಲ್ಲಿ ಶೇ 10ರಷ್ಟು ಟಿಡಿಎಸ್ ಹಿಡಿಯುತ್ತದೆ. 400 ಯೂನಿಟ್‌ನ ಬಡ್ಡಿ ₹440, ಅದರ ಶೇ 10 ಎಂದರೆ ಕಾಣೆಯಾಗಿದ್ದ ಆ ₹44. ಲಾಭಾಂಶದ ಭಾಗಕ್ಕೆ ನಾನು ತೆರಿಗೆ ಕಟ್ಟಬೇಕಾಗಿರಲಿಲ್ಲ, ಏಕೆಂದರೆ ಆ ಎಸ್‌ಪಿವಿ ಕಂಪನಿಗಳು ಕಡಿಮೆ ದರದ ಹೊಸ ಕಂಪನಿ ತೆರಿಗೆಯನ್ನು ಆರಿಸಿಕೊಂಡಿರಲಿಲ್ಲ; ಆರಿಸಿಕೊಂಡ ಕಂಪನಿಯಿಂದ ಬಂದ ಲಾಭಾಂಶವಾದರೆ ಅದಕ್ಕೂ ತೆರಿಗೆ ಬೀಳುತ್ತದೆ. ಆದ್ದರಿಂದ ಎರಡು ರೀಟ್‌ಗಳು ಒಂದೇ ಮೊತ್ತ ಹಂಚಿದರೂ ಕೈಗೆ ಉಳಿಯುವುದು ಒಂದೇ ಆಗಬೇಕೆಂದಿಲ್ಲ. ಮರುಪಾವತಿಯ ಭಾಗವನ್ನು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ನಾವು ಯೂನಿಟ್ ಕೊಂಡ ಬೆಲೆಯಿಂದ ಕಳೆಯುತ್ತಾ ಹೋಗಬೇಕು. ಒಂದು ಯೂನಿಟ್‌ಗೆ ಆರಂಭದಿಂದ ಕೊಟ್ಟ ಮರುಪಾವತಿಯೆಲ್ಲ ಸೇರಿ, ಅದು ಯಾರ ಕೈಗೆ ಹೋಗಿದ್ದರೂ, ಟ್ರಸ್ಟ್ ಆ ಯೂನಿಟನ್ನು ಮೊದಲು ವಿತರಿಸಿದ ಬೆಲೆಯನ್ನು ಮೀರಿದರೆ ಮಾತ್ರ ಹೆಚ್ಚುವರಿಯು ಆದಾಯವಾಗುತ್ತದೆ.

ಮೊದಲ ವರ್ಷ ಇದರಲ್ಲೇ ಪೆಟ್ಟು ಬಿತ್ತು. 2024ರ ಜೂನ್ ಮೊದಲ ವಾರವೇ ರಿಟರ್ನ್ ಸಲ್ಲಿಸಿ ಮುಗಿಸೋಣವೆಂದು ಆಡಿಟರ್ ಕಚೇರಿಗೆ ಬ್ಯಾಂಕ್ ಪಾಸ್‌ಬುಕ್ ಮತ್ತು ಟಿಡಿಎಸ್ ವಿವರ ಕೊಟ್ಟೆ. ಅಲ್ಲಿ ವರ್ಷದ ಒಟ್ಟು ₹8,800ನ್ನು ಪೂರ್ತಿಯಾಗಿ ಬಡ್ಡಿಯೆಂದು ಬರೆದರು. ತೆರಿಗೆ ಬೀಳಬೇಕಾದದ್ದು ₹1,760ಕ್ಕೆ ಮಾತ್ರ. ಟ್ರಸ್ಟ್ ಪ್ರತಿ ಯೂನಿಟ್‌ದಾರನಿಗೂ ಫಾರಂ 64ಬಿ ಎಂಬ ವಿವರಪಟ್ಟಿ ಕಳಿಸುತ್ತದೆ, ಅದಕ್ಕೆ ಜೂನ್ 30ರವರೆಗೆ ಕಾಲಾವಕಾಶವಿರುತ್ತದೆ. ನನ್ನದು ತಿಂಗಳ ಕೊನೆಯಲ್ಲಿ ಇ-ಮೇಲ್‌ಗೆ ಬಂದಾಗ ರಿಟರ್ನ್ ಆಗಲೇ ಹೋಗಿಬಿಟ್ಟಿತ್ತು. ಅದನ್ನು ಮುದ್ರಿಸಿಕೊಂಡು ಹೋಗಿ, ಐಟಿಆರ್-2ರಲ್ಲಿ ರೀಟ್‌ನಂಥ ಬಿಸಿನೆಸ್ ಟ್ರಸ್ಟ್‌ಗಳ ಆದಾಯವನ್ನು ತೋರಿಸುವ ಪಿಟಿಐ ಅನುಸೂಚಿಯನ್ನು ತುಂಬಿಸಿ, ಪರಿಷ್ಕೃತ ರಿಟರ್ನ್ ಸಲ್ಲಿಸಿದೆ. ಈಗ 64ಬಿ ಕೈಗೆ ಬರುವವರೆಗೆ ನಾನು ರಿಟರ್ನ್‌ನ ಮಾತೇ ಎತ್ತುವುದಿಲ್ಲ.

ಹಾಸನದ ಬಿ.ಎಂ. ರಸ್ತೆಯಲ್ಲಿ ಎರಡು ಮಳಿಗೆ ಬಾಡಿಗೆಗೆ ಕೊಟ್ಟಿರುವ ನಮ್ಮ ಭಾವನವರು ಒಮ್ಮೆ ಕೇಳಿದರು: "ನಿಂಗೆ ಎಷ್ಟು ಪರ್ಸೆಂಟ್ ಬೀಳ್ತದೆ, ನೆಟ್ಟಗೆ ಹೇಳು ಮಾರಾಯ." ₹1,28,000ಕ್ಕೆ ₹8,800 ಎಂದರೆ ಶೇ 6.9ರ ಹತ್ತಿರ ಎಂದು ಥಟ್ಟನೆ ಹೇಳಬಹುದಿತ್ತು. "ಬಡ್ಡಿ, ಲಾಭಾಂಶ ಮಾತ್ರ ಹಿಡಿದ್ರೆ ನಾಲ್ಕಕ್ಕಿಂತ ಚೂರು ಮೇಲೆ ಭಾವ, ಮಿಕ್ಕಿದ್ದು ಅಸಲಿನ ಲೆಕ್ಕದಲ್ಲಿ ಬರೋದು" ಎಂದೆ. ಆ ಅಸಲೂ ಬಾಡಿಗೆಯಿಂದಲೇ ಹುಟ್ಟಿದ ನಗದು ಎಂಬುದು ನಿಜ, ಆದರೆ ಅದನ್ನು ಪೂರ್ತಿ ಗಳಿಕೆಯೆಂದು ಹಿಡಿದರೆ ಕಟ್ಟಡ ಹಳೆಯದಾಗುವುದನ್ನು ಮರೆತಂತಾಗುತ್ತದೆ. ನಮ್ಮ ಮಳಿಗೆಯ ಛಾವಣಿ ಸೋರಿದಾಗ ತಂದೆಯವರು ಒಂದು ವರ್ಷದ ಬಾಡಿಗೆಯನ್ನೇ ಅದಕ್ಕೆ ಸುರಿದದ್ದು ನನಗಿನ್ನೂ ನೆನಪಿದೆ.

ಮಾರುವಾಗ ಇನ್ನೊಂದು ಎಡವಟ್ಟು ಕಾದಿರುತ್ತದೆ. ಎರಡು ವರ್ಷ ಕಳೆದ ಮೇಲೆ 100 ಯೂನಿಟ್‌ಗಳನ್ನು ₹350ಕ್ಕೆ ಮಾರಿದೆ. ಬ್ರೋಕರ್‌ನ ಪಟ್ಟಿಯಲ್ಲಿ ಕೊಂಡ ಬೆಲೆ ₹320, ಲಾಭ ₹3,000 ಎಂದಿತ್ತು. ಎಂಟು ತ್ರೈಮಾಸಿಕಗಳಲ್ಲಿ ಯೂನಿಟ್‌ಗೆ ₹17.60 ಮರುಪಾವತಿ ಬಂದಿದ್ದರಿಂದ ನನ್ನ ನಿಜವಾದ ಕೊಂಡ ಬೆಲೆ ₹302.40ಕ್ಕೆ ಇಳಿದಿತ್ತು, ಹಾಗಾಗಿ ತೋರಿಸಬೇಕಾದ ಲಾಭ ₹4,760. ಪಟ್ಟಿಯನ್ನು ಹಾಗೆಯೇ ನಂಬಿದ್ದರೆ ಲಾಭವನ್ನು ಕಡಿಮೆ ತೋರಿಸಿದಂತಾಗುತ್ತಿತ್ತು.

ಅದಕ್ಕೇ ಕಾಫಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದಕ್ಕೊಂದು ಜಾಗ ಮಾಡಿದ್ದೇನೆ. ಹಂಚಿಕೆ ಪ್ರಕಟವಾದ ದಿನವೇ ಬಡ್ಡಿ, ಲಾಭಾಂಶ, ಮರುಪಾವತಿ ಮೂರನ್ನೂ ಬೇರೆ ಬೇರೆ ಬರೆದು, ಕೊನೆಯ ಕಾಲಂನಲ್ಲಿ ಇಳಿದ ಕೊಂಡ ಬೆಲೆಯನ್ನು ಹಾಕುತ್ತೇನೆ. ಅದರ ಪಕ್ಕದಲ್ಲಿ, ಟ್ರಸ್ಟ್‌ನ ತ್ರೈಮಾಸಿಕ ವರದಿಯಿಂದ ತೆಗೆದ ಎರಡು ಅಂಕಿ: ಎಷ್ಟು ಶೇಕಡಾ ಜಾಗ ಬಾಡಿಗೆಗೆ ಹೋಗಿದೆ, ಮತ್ತು ಕರಾರುಗಳಲ್ಲಿ ಸರಾಸರಿ ಎಷ್ಟು ವರ್ಷ ಬಾಕಿಯಿದೆ. ಒಟ್ಟು ಹಂಚಿಕೆ ₹5.50ರಲ್ಲೇ ನಿಂತಿದ್ದು, ಅದರೊಳಗೆ ಬಡ್ಡಿ ಮತ್ತು ಲಾಭಾಂಶ ಕುಗ್ಗಿ ಮರುಪಾವತಿ ಹಿಗ್ಗುತ್ತಿದ್ದರೆ, ಖಾಲಿ ಬಿದ್ದಿರುವ ಮಹಡಿಗಳು ಹೆಚ್ಚಿವೆಯೇ ಎಂದು ಆ ತ್ರೈಮಾಸಿಕದ ವರದಿಯನ್ನು ಮೊದಲ ಪುಟದಿಂದ ಓದುತ್ತೇನೆ.