ಎರಡು ಶೀರ್ಷಿಕೆಯಲ್ಲಿ ಗೆದ್ದಿದ್ದು ಯಾವುದು? ಮೋಸ ಹೋಗದೆ ಲೆಕ್ಕ ಹಾಕುವುದು ಹೀಗೆ

ಮಂಡ್ಯದ ಆಲೆಮನೆಯೊಂದು ತನ್ನ ವೆಬ್‌ಸೈಟ್‌ನಲ್ಲಿ ಬೆಲ್ಲ ಮಾರುತ್ತಿದೆ ಅಂದುಕೊಳ್ಳಿ. ಪುಟದ ಶೀರ್ಷಿಕೆ ‘ಮಂಡ್ಯ ಬೆಲ್ಲ: ಆಲೆಮನೆಯಿಂದ ನೇರ ಮನೆಗೆ’. ಅದರ ಬದಲು ‘ಮಂಡ್ಯ ಬೆಲ್ಲ: ಅಚ್ಚು, ಉಂಡೆ, ಪುಡಿ, ಇವತ್ತಿನ ಕೆಜಿ ದರ’ ಅಂತ ಹಾಕಿದರೆ ಜಾಸ್ತಿ ಜನ ಒತ್ತುತ್ತಾರಾ? ಗೂಗಲ್ ಹುಡುಕಾಟದಲ್ಲಿ ಒಂದೇ ಪುಟದ ಎರಡು ಶೀರ್ಷಿಕೆಯನ್ನು ಒಟ್ಟಿಗೆ ಓಡಿಸಿ ನೋಡಲು ಆಗಲ್ಲ. ಒಂದಾದ ಮೇಲೆ ಒಂದು ಹಾಕಬೇಕು.

ಒಂದೊಂದಕ್ಕೂ ಪೂರ್ತಿ ನಾಲ್ಕು ವಾರ ಕೊಡಿ, ಭಾನುವಾರಗಳ ಲೆಕ್ಕವೂ ಸರಿಹೋಗುತ್ತದೆ. ಆ ಅವಧಿಯಲ್ಲಿ ಪುಟದಲ್ಲಿ ಬೇರೇನೂ ಮುಟ್ಟಬೇಡಿ. ಶೀರ್ಷಿಕೆ ಬದಲಿಸಿದ ಮೇಲೆ, ಪುಟ ಹುಡುಕಾಟದಲ್ಲಿ ಎಷ್ಟು ಸಲ ಕಾಣಿಸಿತು, ಎಷ್ಟು ಕ್ಲಿಕ್ ಬಂತು ಅಂತ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ Request Indexing ಒತ್ತಿ, ಆಮೇಲೆ ನೀವೇ ಹುಡುಕಿ ನೋಡಿ. ಹೊಸದು ಕಾಣಿಸಿದ ದಿನದಿಂದ ಮಾತ್ರ ಎಣಿಕೆ. ಗೂಗಲ್ ಕೆಲವು ಸಲ ನಮ್ಮ ಶೀರ್ಷಿಕೆ ಬಿಟ್ಟು ತನಗೆ ತೋಚಿದ್ದನ್ನೇ ಹಾಕುತ್ತದೆ. ಹಾಗಾದರೆ ಪರೀಕ್ಷೆ ನಡೆದೇ ಇಲ್ಲ ಅಂತ ಲೆಕ್ಕ.

ಈಗ ಅಂಕಿ ನೋಡೋಣ. ಇವು ತಿಳಿಯಲೆಂದು ಹಾಕಿದ ಅಂಕಿ. ಹಳೆಯದು 4,000 ಸಲ ಕಾಣಿಸಿಕೊಂಡು 120 ಕ್ಲಿಕ್, ಅಂದರೆ ಶೇ 3. ಹೊಸದು 6,000 ಸಲಕ್ಕೆ 150 ಕ್ಲಿಕ್, ಶೇ 2.5. ಹೊಸದು ಸೋತಿತು ಅಲ್ವಾ? ತಡೀರಿ. ಹೊಸದು ಓಡಿದ್ದು ಸಂಕ್ರಾಂತಿಯ ಮುಂಚಿನ ವಾರಗಳಲ್ಲಿ. ‘ಎಳ್ಳು ಬೆಲ್ಲ’ ಅಂತ ಹುಡುಕಿದವರಿಗೂ ಈ ಪುಟ ಎಲ್ಲೋ ಹದಿನೈದನೇ ಸ್ಥಾನದಲ್ಲಿ ಕಾಣಿಸಿದೆ, ಅಲ್ಲಿಗೆ ಇಳಿದು ಬಂದು ಒತ್ತುವವರು ಕಮ್ಮಿ. ಕಾಣಿಸಿದ ಸಂಖ್ಯೆ ಉಬ್ಬಿತು, ಶೇಕಡಾವಾರು ಕುಸಿಯಿತು, ಶೀರ್ಷಿಕೆಯ ತಪ್ಪು ಇದರಲ್ಲಿ ಏನೂ ಇಲ್ಲದಿರಬಹುದು.

ಅದಕ್ಕೇ ಸರ್ಚ್ ಕನ್ಸೋಲ್‌ನ Queries ಪಟ್ಟಿಯಿಂದ ಎರಡೂ ಅವಧಿಯಲ್ಲಿ ಇರುವ, ಸರಾಸರಿ ಸ್ಥಾನವೂ ಹೆಚ್ಚುಕಮ್ಮಿ ಒಂದೇ ಇರುವ ಹುಡುಕಾಟವನ್ನು ಆರಿಸಿಕೊಳ್ಳಿ. ಇಲ್ಲಿ ‘ಮಂಡ್ಯ ಬೆಲ್ಲ’. ಎರಡು ಸಲವೂ ನಾಲ್ಕನೇ ಸ್ಥಾನ, ಎರಡು ಸಲವೂ 1,000 ಬಾರಿ ಕಂಡಿದೆ. ಹಳೆಯದಕ್ಕೆ 50 ಕ್ಲಿಕ್, ಹೊಸದಕ್ಕೆ 70. ಚಿತ್ರ ತಿರುಗಿತು! ಸ್ಥಾನವೇ ಏಳರಿಂದ ನಾಲ್ಕಕ್ಕೆ ಏರಿದ್ದರೆ ಈ ಹೋಲಿಕೆಗೆ ಅರ್ಥ ಇರುತ್ತಿರಲಿಲ್ಲ, ಮೇಲಿರುವುದಕ್ಕೆ ಹೇಗೂ ಕ್ಲಿಕ್ ಜಾಸ್ತಿ.

ಆದರೂ 20ರ ವ್ಯತ್ಯಾಸ ಸುಮ್ನೆ ಬಂದಿದ್ದಿರಬಹುದು. ಕಾಣಿಸಿದ ಸಂಖ್ಯೆ ಸಮ ಇದ್ದಾಗ ಒಂದು ಒರಟು ಲೆಕ್ಕ ಇದೆ: ಎರಡರ ಕ್ಲಿಕ್ ಕೂಡಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ವ್ಯತ್ಯಾಸ ಈ ಗಡಿ ದಾಟಿದರೆ ಮಾತ್ರ ನಂಬಬಹುದು. ಒಟ್ಟು 120, ವರ್ಗಮೂಲ ಸುಮಾರು 11, ದುಪ್ಪಟ್ಟು 22. ನಮ್ಮ ವ್ಯತ್ಯಾಸ ಅಷ್ಟೂ ಇಲ್ಲ. ಹಬ್ಬದ ಗದ್ದಲ ಬೇರೆ ಇತ್ತು. ಹಾಗಾಗಿ ಸಂಕ್ರಾಂತಿ ಮುಗಿದ ಮೇಲೆ ಹಳೆಯದನ್ನೇ ಮತ್ತೆ ನಾಲ್ಕು ವಾರ ಹಾಕಿ, ಆಮೇಲೆ ಹೊಸದನ್ನು. ಎರಡೂ ಸುತ್ತು ಸೇರಿಸಿದಾಗ 105ಕ್ಕೆ ಎದುರು 140 ಬಂತು ಅನ್ನಿ. ವ್ಯತ್ಯಾಸ 35, ಗಡಿ ಸುಮಾರು 31. ಈಗ ದರ ಇರುವ ಶೀರ್ಷಿಕೆಯನ್ನು ಉಳಿಸಿಕೊಳ್ಳಬಹುದು, ಆದರೆ ಪುಟದಲ್ಲಿ ದಿನಾ ದರ ಬದಲಿಸುವ ಕೆಲಸ ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ.